ಮೇಲಧಿಕಾರಿಯ ತಪ್ಪು ಆದೇಶಕ್ಕೆ ಒಪ್ಪದಿದ್ದಾಗ ಬದಲಿಯ ಬೆದರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೋಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಕಡೆಯಿಂದ ಬಂದು ಪುಣೆ ಜಿಲ್ಲೆಯಲ್ಲಿ ಮಹಾರಾಷ್ಟ್ರ ಸರ್ಕಾರದ ನೌಕರಿ ಮಾಡುತ್ತಿರುವ ಕನ್ನಡಿಗರು ನಮ್ಮಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಕಲ್ಪಿತ ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ಎದುರಿಗಿಟ್ಟುಕೊಂಡಿದ್ದೇವೆ. ಪುಣೆ ನಗರದ ಅಂಚಿನ ತಾಲೂಕೊಂದರಲ್ಲಿ ಒಬ್ಬರು ಮಂಡಳ ಅಧಿಕಾರಿ ಇದ್ದಾರೆ. ಅವರು ಆ ಹುದ್ದೆಗೆ ಹಾಜರಾದದ್ದು 2021ರ ಜೂನ್‌ನಲ್ಲಿ. 2023ರ ಜನವರಿ 2ರಂದು ಒಂದು ಖರೀದಿ ಪತ್ರದ ಮೇಲೆ ತಲಾಠಿ, ಜಮೀನಿನ ಹಕ್ಕು ಬದಲಾದದ್ದನ್ನು ದಾಖಲಿಸುವ ಫೇರಫಾರ್ ನೋಂದು ಬರೆದರು. ಜನವರಿ 11ರಂದು, ಮಾರಿದವರ ತಂಗಿ ತನಗೂ ಆ ಜಮೀನಿನಲ್ಲಿ ಪಾಲಿದೆ ಎಂದು ಲಿಖಿತ ತಕರಾರು ಕೊಟ್ಟರು. ಜನವರಿ 18ರ ಸಂಜೆ ತಹಸೀಲ್ದಾರರು ಫೋನ್ ಮಾಡಿ, ತಕರಾರನ್ನು ಬದಿಗಿಟ್ಟು ನೋಂದನ್ನು ನಾಳೆಯೇ ಪ್ರಮಾಣಿತ ಮಾಡಿಬಿಡಿ ಎಂದರು.

ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದನ್ನು ಮಾಡಲೇಬೇಕೇ?

ಬಾಯಿಮಾತಿನ ಆದೇಶವೂ ಆದೇಶವೇ. ಆದರೆ ಅದನ್ನು ಬರಹಕ್ಕೆ ಇಳಿಸಿಕೊಳ್ಳುವ ಹೊಣೆ ನಿಮ್ಮ ಮೇಲೂ ಇದೆ. ಮಹಾರಾಷ್ಟ್ರ ನಾಗರಿಕ ಸೇವಾ (ವರ್ತನೆ) ನಿಯಮಗಳು, 1979ರ 3ನೆಯ ನಿಯಮದ ಪ್ರಕಾರ, ನೌಕರನು ತನ್ನ ಕರ್ತವ್ಯವನ್ನು ತನ್ನ ವಿವೇಚನೆಯಂತೆ ಮಾಡಬೇಕು. ಮೇಲಧಿಕಾರಿಯ ನಿರ್ದೇಶನದಂತೆ ಮಾಡುವುದಾದರೆ ಸಾಧ್ಯವಿದ್ದಲ್ಲೆಲ್ಲ ಆ ನಿರ್ದೇಶನವನ್ನು ಲಿಖಿತವಾಗಿ ಪಡೆಯಬೇಕು, ಆ ಹೊತ್ತಿಗೆ ಅದು ಆಗದಿದ್ದರೆ ಅನಂತರ ಆದಷ್ಟು ಬೇಗ ಲಿಖಿತ ದೃಢೀಕರಣ ಕೇಳಬೇಕು. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರ ಅಕ್ಟೋಬರ್ 31ರಂದು ಕೊಟ್ಟ ತೀರ್ಪು ಕೂಡ ಇದೇ ಧಾಟಿಯದು. ಬಾಯಿಮಾತಿನ ಸೂಚನೆಗಳ ಮೇಲೆ ಅಧಿಕಾರಿಗಳು ನಡೆಯಬಾರದು, ಅವು ಕಡತದಲ್ಲಿ ದಾಖಲಾಗಬೇಕು ಎಂದು ಅದು ಹೇಳಿತು. ಹೀಗಾಗಿ ‘ಲಿಖಿತವಾಗಿ ಕೊಡಿ’ ಎಂದು ಕೇಳುವುದು ಉದ್ಧಟತನವಲ್ಲ. ಅನೇಕ ಕಚೇರಿಗಳಲ್ಲಿ ಅದನ್ನು ಹಾಗೆಯೇ ಕಾಣುತ್ತಾರೆ ಎಂಬುದು ಬೇರೆ ಮಾತು.

ನನಗೆ ಸರಿಯೆನಿಸದ ಆದೇಶಕ್ಕೂ ಕಾನೂನಿಗೆ ವಿರುದ್ಧವಾದ ಆದೇಶಕ್ಕೂ ಗೆರೆ ಎಲ್ಲಿದೆ?

ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಸಿಗುವವರೆಗೆ ಮುಂದೆ ಹೆಜ್ಜೆ ಇಡಬೇಡಿ. ನಮ್ಮ ಬಳಿ ಬರುವವರಲ್ಲಿ ಕೆಲವರು ಹೆಚ್ಚಿನ ಕೆಲಸ, ರಜಾದಿನದ ಪಂಚನಾಮೆ, ಇನ್ನೊಂದು ಸಜೆಯ ಹೆಚ್ಚುವರಿ ಭಾರ ಇಂಥದ್ದನ್ನೆಲ್ಲ ‘ಅನ್ಯಾಯದ ಆದೇಶ’ ಎನ್ನುತ್ತಾರೆ. ಅವು ಕಷ್ಟದ ಆದೇಶಗಳು ಮಾತ್ರ. ಅವನ್ನು ನಿರಾಕರಿಸಿದರೆ ಅದು ಅವಿಧೇಯತೆಯೇ ಆಗುತ್ತದೆ, ಮತ್ತು ಅದರ ಮೇಲೆ ನಡೆಯುವ ವಿಭಾಗೀಯ ಚೌಕಶಿಯಲ್ಲಿ ನಿಮ್ಮ ಪರವಾಗಿ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ.

ನಮ್ಮ ಪ್ರಸಂಗದಲ್ಲಿ ಗೆರೆ ಸ್ಪಷ್ಟವಾಗಿದೆ. ಮಹಾರಾಷ್ಟ್ರ ಭೂ ಕಂದಾಯ ಸಂಹಿತೆ, 1966ರ ಸೆಕ್ಷನ್ 150ರ ಪ್ರಕಾರ ತಲಾಠಿ ನೋಂದಿನ ಪ್ರತಿಯನ್ನು ಚಾವಡಿಯಲ್ಲಿ ಅಂಟಿಸಿ, ಸಂಬಂಧಪಟ್ಟವರಿಗೆ ತಿಳಿವಳಿಕೆ ಪತ್ರ ಕೊಡಬೇಕು. ಬಂದ ತಕರಾರನ್ನು ತಕರಾರು ಪ್ರಕರಣಗಳ ನೋಂದವಹಿಯಲ್ಲಿ ಬರೆಯಬೇಕು. ಆ ವಿವಾದವನ್ನು ಅವ್ವಲ್ ಕಾರಕೂನನಿಗಿಂತ ಕೆಳಗಿನವನಲ್ಲದ ಅಧಿಕಾರಿ ಎರಡೂ ಕಡೆ ಕೇಳಿ ನಿರ್ಣಯಿಸಬೇಕು. ವಿವಾದವಿಲ್ಲದ ನೋಂದನ್ನು ಮಂಡಳ ಅಧಿಕಾರಿ ಪ್ರಮಾಣಿತ ಮಾಡಬಹುದು. ತಕರಾರು ಬಂದ ನೋಂದನ್ನು ತಕರಾರೇ ಇಲ್ಲದಂತೆ ಪ್ರಮಾಣಿತ ಮಾಡುವುದು ಅವರ ಅಧಿಕಾರದಲ್ಲೇ ಇಲ್ಲ. ಅಷ್ಟೇ ಅಲ್ಲ, ಕಾಯಿದೆಯು ಒಬ್ಬ ಅಧಿಕಾರಿಗೆ ಕೊಟ್ಟ ನಿರ್ಣಯಾಧಿಕಾರವನ್ನು ಆ ಅಧಿಕಾರಿಯೇ ತನ್ನ ಬುದ್ಧಿಯಿಂದ ಚಲಾಯಿಸಬೇಕು, ಮೇಲಿನವರು ಹೇಳಿದರೆಂದು ಚಲಾಯಿಸಿದರೆ ಆ ನಿರ್ಣಯವೇ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 1995ರ ಅನಿರುದ್ಧಸಿಂಹಜಿ ಜಡೇಜಾ ಪ್ರಕರಣದಲ್ಲಿ ಹೇಳಿದೆ. ‘ಈ ನೋಂದಿನ ವಿಚಾರಣೆ ಬೇಗ ಮುಗಿಸಿ’ ಎನ್ನಲು ತಹಸೀಲ್ದಾರರಿಗೆ ಅಧಿಕಾರವಿದೆ. ‘ಇಂಥವರ ಪರವಾಗಿ ಮುಗಿಸಿ’ ಎನ್ನಲು ಇಲ್ಲ.

ನಿಮ್ಮ ಕೆಲಸ ಬೇರೆ ಇರಬಹುದು, ಆದರೆ ಪರೀಕ್ಷೆ ಇದೇ. ನೀವು ಮುರಿಯಬೇಕಾಗುವ ನಿಯಮದ ಸಂಖ್ಯೆಯನ್ನು ಒಂದೇ ಸಾಲಿನಲ್ಲಿ ಬರೆಯಲು ಸಾಧ್ಯವಾದರೆ ನಿರಾಕರಣೆಗೆ ನೆಲೆಯಿದೆ. ಬರೆಯಲಾಗದಿದ್ದರೆ ಇನ್ನೊಮ್ಮೆ ಯೋಚಿಸಿ.

‘ಆಗುವುದಿಲ್ಲ’ ಎಂದು ಹೇಳುವುದು ಹೇಗೆ?

ಬಾಯಲ್ಲಿ ಹೇಳಬೇಡಿ, ಹೇಳಿದರೂ ಅಷ್ಟಕ್ಕೇ ನಿಲ್ಲಿಸಬೇಡಿ. ಫೋನ್ ಬಂದ ಮರುದಿನವೇ ಒಂದು ಪುಟದ ಪತ್ರ ಹೋಗಬೇಕು. ಕಚೇರಿಯ ಭಾಷೆ ಮರಾಠಿಯಾದ್ದರಿಂದ ಪತ್ರ ಮರಾಠಿಯಲ್ಲೇ ಇರುತ್ತದೆ. ಅದರ ಒಕ್ಕಣೆ ಕನ್ನಡದಲ್ಲಿ ಹೇಳುವುದಾದರೆ ಹೀಗೆ:

“ದಿನಾಂಕ 18-1-2023ರಂದು ಸಂಜೆ ಸುಮಾರು 5.40ಕ್ಕೆ ತಾವು ದೂರವಾಣಿಯಲ್ಲಿ ಸದರಿ ಫೇರಫಾರ್ ನೋಂದನ್ನು ಪ್ರಮಾಣಿತ ಮಾಡಲು ಸೂಚಿಸಿದ್ದೀರಿ. ಈ ನೋಂದಿನ ಮೇಲೆ ದಿನಾಂಕ 11-1-2023ರಂದು ಲಿಖಿತ ತಕರಾರು ಬಂದಿದ್ದು, ಅದನ್ನು ತಕರಾರು ನೋಂದವಹಿಯಲ್ಲಿ ದಾಖಲಿಸಲಾಗಿದೆ. ಸೆಕ್ಷನ್ 150ರ ಪ್ರಕಾರ ವಿಚಾರಣೆ ನಡೆಯದೆ ಈ ನೋಂದನ್ನು ಪ್ರಮಾಣಿತ ಮಾಡಲು ಬರುವುದಿಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಇದಕ್ಕೆ ಭಿನ್ನವಾಗಿ ಕ್ರಮ ಕೈಗೊಳ್ಳಬೇಕಿದ್ದಲ್ಲಿ ಲಿಖಿತ ಮಾರ್ಗದರ್ಶನ ನೀಡಬೇಕೆಂದು ವಿನಂತಿ.”

ಈ ಪತ್ರದಲ್ಲಿ ‘ನಿರಾಕರಿಸುತ್ತೇನೆ’ ಎಂಬ ಶಬ್ದವೇ ಇಲ್ಲ. ಆರೋಪವೂ ಇಲ್ಲ, ಕೊಂಡವರು ಯಾರ ನೆಂಟರು ಎಂಬ ಊರಮಾತೂ ಇಲ್ಲ. ದಿನಾಂಕ, ವೇಳೆ, ನಿಯಮ, ವಿನಂತಿ, ಇಷ್ಟೇ ಇದೆ. ಕೋಪದಲ್ಲಿ ಬರೆದ ನಾಲ್ಕು ಪುಟಗಳ ಪತ್ರ ಕೊನೆಗೆ ನಿಮ್ಮ ಮೇಲಿನ ದೋಷಾರೋಪ ಪಟ್ಟಿಗೇ ಲಗತ್ತಾಗುತ್ತದೆ.

ಪತ್ರವನ್ನು ಸಾಹೇಬರ ಕೈಗೆ ಕೊಟ್ಟು ಬರಬೇಡಿ. ಆವಕ-ಜಾವಕದ ಕಾರಕೂನರಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಆವಕ ಕ್ರಮಾಂಕ, ದಿನಾಂಕ, ದುಂಡು ಶಿಕ್ಕೆ ಪಡೆಯಿರಿ. ಅವರು ಹಿಂಜರಿದರೆ ನೋಂದಣಿ ಅಂಚೆಯಲ್ಲಿ ಹಾಕಿ, ಅದೇ ದಿನ ಕಚೇರಿಯ ಇ-ಮೇಲ್‌ಗೂ ಕಳಿಸಿ. ಮುಂದೆ ಬರುವ ಎಲ್ಲ ವಾದವೂ ಆ ಶಿಕ್ಕೆಯ ದಿನಾಂಕದ ಮೇಲೆ ನಿಲ್ಲುತ್ತದೆ.

‘ಗಡಚಿರೋಲಿಗೆ ಕಳಿಸುತ್ತೇನೆ’ ಎನ್ನುತ್ತಾರೆ. ನಿಜವಾಗಿ ಕಳಿಸಬಲ್ಲರೇ?

ಈ ಮಾತನ್ನು ಕೇಳದ ನೌಕರ ಪಶ್ಚಿಮ ಮಹಾರಾಷ್ಟ್ರದಲ್ಲಿ ಸಿಗಲಿಕ್ಕಿಲ್ಲ. ಮೊದಲು ನೋಡಬೇಕಾದದ್ದು ನಿಮ್ಮ ಸಂವರ್ಗ ಯಾವ ಮಟ್ಟದ್ದು ಎಂಬುದನ್ನು. ತಲಾಠಿ, ಮಂಡಳ ಅಧಿಕಾರಿಯಂಥ ಹುದ್ದೆಗಳ ಜ್ಯೇಷ್ಠತೆ ಜಿಲ್ಲೆಯೊಳಗೇ ಸುತ್ತುವುದರಿಂದ ಅವರನ್ನು ಶಿಕ್ಷೆಯಾಗಿ ಗಡಚಿರೋಲಿಗೆ ಅಟ್ಟುವ ಮಾತು ಬಹುಮಟ್ಟಿಗೆ ಪೊಳ್ಳು. ರಾಜ್ಯಮಟ್ಟದ ಸಂವರ್ಗದವರಿಗೆ ಅದು ಪೊಳ್ಳಲ್ಲ. ಆದರೆ ಪುಣೆ ಜಿಲ್ಲೆಯೊಳಗೇ, ಮಕ್ಕಳ ಶಾಲೆ ಹಡಪಸರದಲ್ಲಿರುವಾಗ ಘಟ್ಟದ ಅಂಚಿನ ತಾಲೂಕಿಗೆ ಕಳಿಸಿದರೂ ಸಂಸಾರ ಎರಡಾಗುತ್ತದೆ, ಮತ್ತು ಬೆದರಿಸುವವರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದಾಗಿ, ಬೆದರಿಸಿದವರೇ ಬದಲಿ ಮಾಡುವ ಅಧಿಕಾರಿಯಾಗಿರುವುದು ಅಪರೂಪ. ನಮ್ಮ ಪ್ರಸಂಗದ ತಹಸೀಲ್ದಾರರಿಗೆ ಮಂಡಳ ಅಧಿಕಾರಿಯನ್ನು ಬದಲಿಸುವ ಅಧಿಕಾರವಿಲ್ಲ. ಅವರು ಮಾಡಬಲ್ಲದ್ದು ಮೇಲಕ್ಕೆ ಕಸುರಿ ವರದಿ ಕಳಿಸುವುದು. ಆದ್ದರಿಂದಲೇ ಬೆದರಿಕೆಯ ನಂತರ ಸಾಮಾನ್ಯವಾಗಿ ಮೊದಲು ಬರುವುದು ಕಾರಣ ಕೇಳುವ ನೋಟಿಸು, ಅದೂ ಸಂಬಂಧವೇ ಇಲ್ಲದ ವಿಷಯದ ಮೇಲೆ. ಇಲ್ಲಿ ಜನವರಿ 24ರ ಬೈಠಕಿನಲ್ಲಿ ಎಲ್ಲರೆದುರು ‘ಇವರಿಗೆ ಈ ತಾಲೂಕು ಸಾಕಾಗಿದೆ’ ಎಂಬ ಮಾತು ಬಂತು, ಫೆಬ್ರುವರಿ 1ರಂದು ‘ಮುಖ್ಯಾಲಯದಲ್ಲಿ ಹಾಜರಿರುವುದಿಲ್ಲ’ ಎಂಬ ನೋಟಿಸು ಬಂತು. ಆ ನೋಟಿಸನ್ನು ಕ್ಷುಲ್ಲಕವೆಂದು ಬದಿಗಿಡಬಾರದು. ಕೊಟ್ಟ ಗಡುವಿನೊಳಗೆ, ಆಯಾ ದಿನದ ದೈನಂದಿನಿ ಮತ್ತು ಪಂಚನಾಮೆಗಳ ಪ್ರತಿ ಹಚ್ಚಿ ಉತ್ತರ ಕೊಡಬೇಕು. ಉತ್ತರವಿಲ್ಲದ ನೋಟಿಸು ಮುಂದೆ ಬದಲಿಯ ಪ್ರಸ್ತಾವಕ್ಕೆ ‘ಕಾರಣ’ವಾಗುತ್ತದೆ.

ಬೆದರಿಕೆಯ ಹಂತದಲ್ಲೇ ಮ್ಯಾಟ್‌ಗೆ ಹೋಗಬಹುದೇ?

ಹೋಗಿ ಪ್ರಯೋಜನವಿಲ್ಲ. ಮಹಾರಾಷ್ಟ್ರ ಪ್ರಶಾಸಕೀಯ ನ್ಯಾಯಾಧಿಕರಣಕ್ಕೆ, ಅಂದರೆ ಎಲ್ಲರ ಬಾಯಲ್ಲಿರುವ ಮ್ಯಾಟ್‌ಗೆ, ಮೂಲ ಅರ್ಜಿ ಹಾಕುವುದು 1985ರ ಪ್ರಶಾಸಕೀಯ ನ್ಯಾಯಾಧಿಕರಣಗಳ ಕಾಯಿದೆಯ ಸೆಕ್ಷನ್ 19ರ ಕೆಳಗೆ. ಅದಕ್ಕೆ ನಿಮಗೆ ಬಾಧೆ ತಂದ ಒಂದು ಆದೇಶ ಬೇಕು. ಬೈಠಕಿನ ಮಾತು ಆದೇಶವಲ್ಲ. ಈ ಹಂತದ ಕೆಲಸ ಕಾಗದ ಕೂಡಿಸುವುದು. ಬೈಠಕಿನ ಸಂಜೆಯೇ, ಯಾರು ಯಾರು ಇದ್ದರು, ಯಾವ ಶಬ್ದಗಳು ಬಂದವು ಎಂಬುದನ್ನು ಬರೆದಿಡಿ. ವಾಟ್ಸಾಪ್‌ನಲ್ಲಿ ಸೂಚನೆ ಬಂದಿದ್ದರೆ ಫೋನ್ ಬದಲಿಸುವಾಗ ಅದು ಹೋಗದಂತೆ ನೋಡಿಕೊಳ್ಳಿ. ಬರಿ ಸ್ಕ್ರೀನ್‌ಶಾಟ್ ಸಾಲುವುದಿಲ್ಲ, ಮೂಲ ಸಂದೇಶ ಸಾಧನದಲ್ಲೇ ಇರಬೇಕು.

ಆದೇಶ ಬಂದೇಬಿಟ್ಟಿತು. ಅದರಲ್ಲಿ ಮೊದಲು ಏನನ್ನು ನೋಡಬೇಕು?

ತಾರೀಖನ್ನು. ಮಹಾರಾಷ್ಟ್ರದಲ್ಲಿ ಬದಲಿಗೆ ಪ್ರತ್ಯೇಕ ಕಾಯಿದೆಯೇ ಇದೆ. 2005ರ ಹೆಸರಿನ ಅದು 2006ರಲ್ಲಿ ಜಾರಿಗೆ ಬಂತು, ಜನ ಅದನ್ನು ‘ಬದಲಿ ಕಾಯಿದೆ’ ಎಂದೇ ಕರೆಯುತ್ತಾರೆ. ಬೇರೆ ಅನೇಕ ರಾಜ್ಯಗಳಲ್ಲಿ ಬದಲಿಯ ನಿಯಮ ಬರಿ ಸುತ್ತೋಲೆಯಲ್ಲಿರುತ್ತದೆ, ಸುತ್ತೋಲೆ ಮುರಿದರೆ ನ್ಯಾಯಾಲಯ ಸುಲಭವಾಗಿ ಕೈಹಾಕುವುದಿಲ್ಲ. ಇಲ್ಲಿ ಅದು ಕಾಯಿದೆಯಲ್ಲಿರುವುದರಿಂದ ನಿಮ್ಮ ಕೈ ಗಟ್ಟಿ.

ಅದರ ಸೆಕ್ಷನ್ 3ರಂತೆ ಒಂದು ಹುದ್ದೆಯಲ್ಲಿ ಸಾಮಾನ್ಯ ಅವಧಿ 3 ವರ್ಷ. ಸಚಿವಾಲಯದ ಹೊರಗಿನ ‘ಕ’ ಗಟದ ನೌಕರರು ಅಂಥ ಎರಡು ಅವಧಿ ಮುಗಿಸಿದ ಮೇಲೆ ಕಚೇರಿ ಬದಲಾಗುತ್ತದೆ. ಸೆಕ್ಷನ್ 4ರಂತೆ ಅವಧಿ ಮುಗಿಯದೆ ಸಾಮಾನ್ಯವಾಗಿ ಬದಲಿಯಿಲ್ಲ, ಮತ್ತು ಬದಲಿಗಳು ವರ್ಷಕ್ಕೊಮ್ಮೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಆಗಬೇಕು. ಈ ಎರಡನ್ನೂ ಮೀರಲು ದಾರಿ ಇದೆ, ಆದರೆ ಅದು ಇಕ್ಕಟ್ಟಿನದು. ವಿಶೇಷ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು ಮತ್ತು ಒಂದು ಮೆಟ್ಟಿಲು ಮೇಲಿನ ಅಧಿಕಾರಿಯ ಪೂರ್ವ ಮಂಜೂರಾತಿ ಪಡೆಯಬೇಕು. ಪೂರ್ವ ಎಂದರೆ ಆದೇಶಕ್ಕೆ ಮೊದಲು. ಯಾರಿಗೆ ಯಾರು ಬದಲಿಯ ಅಧಿಕಾರಿ ಎಂಬುದು ಸೆಕ್ಷನ್ 6ರ ತಖ್ತೆಯಲ್ಲೂ ಸೆಕ್ಷನ್ 7ರ ಕೆಳಗಿನ ಪಟ್ಟಿಯಲ್ಲೂ ಇರುತ್ತದೆ. ಇದರ ಮೇಲೆ 2014ರ ಜನವರಿ 31ರ ಶಾಸನ ನಿರ್ಣಯದಂತೆ ನಾಗರಿಕ ಸೇವಾ ಮಂಡಳಿಯ ಶಿಫಾರಸೂ ಕಡತದಲ್ಲಿ ಇರಬೇಕು.

ನಮ್ಮ ಮಂಡಳ ಅಧಿಕಾರಿಗೆ ಆದೇಶ ಬಂದದ್ದು 2023ರ ಮಾರ್ಚ್ 3ರಂದು, ಶುಕ್ರವಾರ ಸಂಜೆ. (ಇಂಥ ಆದೇಶಗಳು ಶುಕ್ರವಾರ ಸಂಜೆಯೇ ಬರುವುದು ಆಕಸ್ಮಿಕವಲ್ಲ, ಮುಂದಿನ ಎರಡು ದಿನ ನ್ಯಾಯಾಧಿಕರಣ ಮುಚ್ಚಿರುತ್ತದೆ.) ಹುದ್ದೆಯಲ್ಲಿ ಆಗಿದ್ದು 1 ವರ್ಷ 9 ತಿಂಗಳು, ಆದ್ದರಿಂದ ಅವಧಿ ಮುಗಿದಿಲ್ಲ, ಮಾರ್ಚ್ ತಿಂಗಳು, ಆದ್ದರಿಂದ ಹಂಗಾಮಿನ ಹೊರಗೆ. ಎರಡೂ ವಿನಾಯಿತಿಗಳಿಗೆ ಕಾರಣ ಬೇಕಿತ್ತು. ಆದೇಶದಲ್ಲಿ ಇದ್ದದ್ದು ‘ಪ್ರಶಾಸಕೀಯ ಕಾರಣಾಸ್ತವ’ ಎಂಬ ಎರಡೇ ಶಬ್ದ. ಇಂಥ ಮಸುಕಾದ ಮಾತು ಕಾಯಿದೆ ಬಯಸುವ ವಿಶೇಷ ಕಾರಣವಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟು 2013ರಲ್ಲಿ ಕಿಶೋರ ಮ್ಹಸ್ಕೆ ಪ್ರಕರಣದಲ್ಲಿ ಹೇಳಿದೆ.

ಹೊಸ ಜಾಗಕ್ಕೆ ಹಾಜರಾಗಬೇಕೇ? ರಜೆ ಹಾಕಿ ಕುಳಿತರೆ?

ತಡೆಯಾಜ್ಞೆ ಇಲ್ಲದಿದ್ದರೆ ಹಾಜರಾಗಬೇಕು. ಮನವಿ ಕೊಟ್ಟ ಮಾತ್ರಕ್ಕೆ ಬದಲಿ ನಿಲ್ಲುವುದಿಲ್ಲ, ಹೋಗದೆ ಉಳಿದರೆ ಶಿಸ್ತುಕ್ರಮ ಎದುರಿಸಬೇಕಾಗುತ್ತದೆ ಎಂದು ಸುಪ್ರೀಂ ಕೋರ್ಟು 1989ರಷ್ಟು ಹಿಂದೆಯೇ ಗುಜರಾತ್ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕಚೇರಿಯ ಹಿರಿಯರು ಪ್ರೀತಿಯಿಂದಲೇ ಕೊಡುವ ‘ವೈದ್ಯಕೀಯ ರಜೆ ಹಾಕಿಬಿಡಪ್ಪ’ ಎಂಬ ಸಲಹೆ ನನ್ನ ಅಭಿಪ್ರಾಯದಲ್ಲಿ ಅತ್ಯಂತ ಕೆಟ್ಟ ಸಲಹೆ. ಸುಳ್ಳು ಕಾಯಿಲೆಯ ಪ್ರಮಾಣಪತ್ರದೊಂದಿಗೆ ಸತ್ಯದ ಪ್ರಕರಣ ನಡೆಸಲಾಗುವುದಿಲ್ಲ.

ಆದರೆ ಇಲ್ಲಿ ವೇಳೆಯ ಪ್ರಶ್ನೆ ಇದೆ. ನಿಮ್ಮನ್ನು ಕಾರ್ಯಮುಕ್ತಗೊಳಿಸಿ, ನಿಮ್ಮ ಜಾಗಕ್ಕೆ ಬಂದವರು ರುಜು ಆಗಿ, ಪದಭಾರ ಪಡೆದುಬಿಟ್ಟರೆ ಮಧ್ಯಂತರ ತಡೆ ಸಿಗುವುದು ಬಹಳ ಕಷ್ಟ. ನೀವು ಸಹಿ ಹಾಕದಿದ್ದರೂ ‘ಏಕತರ್ಫಿ ಕಾರ್ಯಮುಕ್ತ’ ಎಂಬ ಆದೇಶ ಹೊರಡಿಸುವ ವಾಡಿಕೆಯೂ ಇದೆ. ಆದ್ದರಿಂದ ಶುಕ್ರವಾರ ಸಂಜೆ ಆದೇಶ ಬಂದರೆ ಶನಿವಾರ, ಭಾನುವಾರ ವಕೀಲರೊಂದಿಗೆ ಕುಳಿತು ಅರ್ಜಿ ಸಿದ್ಧಮಾಡಿ, ಸೋಮವಾರ ಮುಂಬಯಿಯ ಪ್ರಧಾನ ಪೀಠದಲ್ಲಿ ಹಾಕಬೇಕು. ಪುಣೆಯವರಿಗೆ ಪೀಠ ಮುಂಬಯಿಯದೇ. ಅರ್ಜಿಗೆ ಕಾಯಿದೆ ಕೊಡುವ ಕಾಲಾವಧಿ 1 ವರ್ಷ ಎಂಬುದು ನಿಜ, ಆದರೆ ಬದಲಿಯ ವಿಷಯದಲ್ಲಿ ಆ ವರ್ಷವನ್ನು ನಂಬಿ ಕುಳಿತವರು ಕಾಗದದ ಮೇಲೆ ಗೆದ್ದರೂ ಕುರ್ಚಿಗೆ ಮರಳುವುದಿಲ್ಲ. ತಡೆ ಸಿಗದಿದ್ದರೆ ಹೊಸ ಜಾಗದ ಹಾಜರಿ ವರದಿಯಲ್ಲಿ ‘ನ್ಯಾಯಾಧಿಕರಣದ ಮುಂದಿರುವ ಅರ್ಜಿಯ ಹಕ್ಕಿಗೆ ಬಾಧೆ ಬಾರದಂತೆ’ ಎಂದು ಒಂದು ಸಾಲು ಸೇರಿಸಿ.

ಕಡತದಲ್ಲಿ ಏನು ಬರೆದಿದ್ದಾರೆಂದು ತಿಳಿಯುವುದು ಹೇಗೆ?

ಮಾಹಿತಿ ಹಕ್ಕು ಕಾಯಿದೆಯ ಕೆಳಗೆ 10 ರೂಪಾಯಿಯ ಕೋರ್ಟ್ ಫೀ ಮುದ್ರಾಂಕ ಹಚ್ಚಿ, ಬದಲಿಯ ಪ್ರಸ್ತಾವ, ಅದರ ಮೇಲಿನ ಟಿಪ್ಪಣಿಗಳು, ಮಂಡಳಿಯ ಬೈಠಕಿನ ವೃತ್ತಾಂತ, ಪೂರ್ವ ಮಂಜೂರಾತಿಯ ಪ್ರತಿ, ಇಷ್ಟನ್ನೂ ಹೆಸರಿಸಿ ಕೇಳಿ. ‘ನನ್ನ ಬದಲಿ ಏಕೆ ಮಾಡಿದಿರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕಾಗದದ ಹೆಸರು ಹೇಳಿ ಕೇಳಿದರೆ ಬರುತ್ತದೆ. ಗಡುವು 30 ದಿನವಾದ್ದರಿಂದ ಇದಕ್ಕಾಗಿ ಕಾಯುತ್ತ ಮ್ಯಾಟ್‌ಗೆ ಅರ್ಜಿ ಹಾಕುವುದನ್ನು ತಡಮಾಡಬೇಡಿ. ಕಡತ ಹಾಜರುಪಡಿಸುವಂತೆ ನ್ಯಾಯಾಧಿಕರಣವನ್ನೂ ಕೇಳಿಕೊಳ್ಳಬಹುದು. ಕಡತ ಬಂದಾಗ ಮಂಜೂರಾತಿಯ ಸಹಿಯ ಕೆಳಗಿನ ತಾರೀಖನ್ನು ಆದೇಶದ ತಾರೀಖಿನೊಂದಿಗೆ ಹೋಲಿಸಿ. ಸಹಿ ಆದೇಶದ ನಂತರದ್ದಾಗಿದ್ದರೆ ಪೂರ್ವ ಮಂಜೂರಾತಿ ಇರಲಿಲ್ಲವೆಂದೇ ಅರ್ಥ.

ಸಾಹೇಬರ ದ್ವೇಷವನ್ನು ಸಾಬೀತು ಮಾಡಬೇಕೇ?

ಸಾಧ್ಯವಾದಷ್ಟು ಅದರ ಗೋಜಿಗೆ ಹೋಗಬೇಡಿ. ವ್ಯಕ್ತಿಯ ದುರುದ್ದೇಶವನ್ನು ಆರೋಪಿಸುವುದಾದರೆ ಆ ವ್ಯಕ್ತಿಯನ್ನು ಹೆಸರಿನಿಂದಲೇ ಪ್ರತಿವಾದಿಯನ್ನಾಗಿ ಮಾಡಬೇಕು, ಮತ್ತು ಪುರಾವೆಯ ಭಾರ ಬಹಳ ದೊಡ್ಡದು. ಕಾಯಿದೆ ಮುರಿದಿದ್ದನ್ನು ತೋರಿಸಲು ಯಾರ ಮನಸ್ಸನ್ನೂ ತೆರೆದು ತೋರಿಸಬೇಕಾಗಿಲ್ಲ. ಹಾಗೆಂದು ಹಿನ್ನೆಲೆಯನ್ನು ಬಿಡಬೇಡಿ. ತಾರೀಖುಗಳ ಪಟ್ಟಿಯಾಗಿ ಅದನ್ನು ಅರ್ಜಿಯ ಮೊದಲ ಪುಟದಲ್ಲೇ ಇಡಿ. ಜನವರಿ 18ರ ಫೋನ್, 19ರ ಪತ್ರ, 24ರ ಬೈಠಕು, ಫೆಬ್ರುವರಿ 1ರ ನೋಟಿಸು, ಮಾರ್ಚ್ 3ರ ಆದೇಶ: 44 ದಿನಗಳ ಈ ಸರಣಿಯನ್ನು ಓದಿದ ಮೇಲೆ ವಕೀಲರು ಹೆಚ್ಚು ಮಾತಾಡಬೇಕಾಗುವುದಿಲ್ಲ.

ಕಡತದಲ್ಲಿ ನಿಮ್ಮ ಮೇಲೆ ದೂರುಗಳಿವೆ, ಅದಕ್ಕಾಗಿ ಬದಲಿಸಿದೆವು ಎಂದು ಅವರು ಉತ್ತರ ಕೊಟ್ಟರೆ ಅದು ಅವರಿಗೇ ತಿರುಗಬಹುದು. ಸೋಮೇಶ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರ ಡಿಸೆಂಬರಿನಲ್ಲಿ, ಶಿಕ್ಷೆಯ ಬದಲಾಗಿ ಮಾಡಿದ ಬದಲಿ ಕಾನೂನುಬಾಹಿರ ಎಂದಿತು. ಅಲ್ಲಿ ಬದಲಿಗೆ ಮೂಲವಾಗಿದ್ದದ್ದು ಒಂದು ಅನಾಮಧೇಯ ದೂರು. ತಪ್ಪಿದ್ದರೆ ಚೌಕಶಿ ನಡೆಸಲಿ, ಬದಲಿಯನ್ನು ಶಿಕ್ಷೆಯಾಗಿ ಬಳಸಬಾರದು ಎಂಬುದು ಅದರ ಸಾರ.

ಊರ ಶಾಸಕರು ಪರಿಚಯದವರು. ಅವರಿಂದ ಒಂದು ಪತ್ರ ಕೊಡಿಸಿದರೆ?

ಬೇಡ. ಸೇವೆಯ ವಿಷಯದಲ್ಲಿ ರಾಜಕೀಯ ಒತ್ತಡ ತರುವುದು ವರ್ತನೆ ನಿಯಮಗಳ ಪ್ರಕಾರ ನಿಮ್ಮದೇ ತಪ್ಪಾಗುತ್ತದೆ. ಆ ಪತ್ರ ಕಡತಕ್ಕೆ ಸೇರಿದ ದಿನ ನಿಮ್ಮ 19ರ ಪತ್ರದ ಬೆಲೆ ಅರ್ಧವಾಗುತ್ತದೆ.

ಜಿಲ್ಲಾ ಪರಿಷತ್ತು, ಮಹಾನಗರಪಾಲಿಕೆ, ಕೇಂದ್ರ ಸರ್ಕಾರ, ಗೋವಾದವರಿಗೂ ಇದೇ ದಾರಿಯೇ?

ಅಲ್ಲ. ಮ್ಯಾಟ್ ಇರುವುದು ರಾಜ್ಯ ಸರ್ಕಾರದ ನೌಕರರಿಗೆ. ಪುಣೆ, ಮುಂಬಯಿ ಪಾಲಿಕೆಗಳ ಮತ್ತು ಜಿಲ್ಲಾ ಪರಿಷತ್ತಿನ ನೌಕರರ ದಾರಿ ಬಾಂಬೆ ಹೈಕೋರ್ಟು. ಕೇಂದ್ರದ ನೌಕರರಿಗೆ ಕೇಂದ್ರೀಯ ನ್ಯಾಯಾಧಿಕರಣದ ಮುಂಬಯಿ ಪೀಠವಿದೆ. ಗೋವಾ ರಾಜ್ಯ ಸರ್ಕಾರದವರು ಪರ್ವರಿಯಲ್ಲಿರುವ ಹೈಕೋರ್ಟಿನ ಗೋವಾ ಪೀಠಕ್ಕೆ ಹೋಗುತ್ತಾರೆ, ಮತ್ತು ಮಹಾರಾಷ್ಟ್ರದ ಬದಲಿ ಕಾಯಿದೆಯ ಆಸರೆ ಅವರಿಗಿಲ್ಲ. ಲಿಖಿತ ಸೂಚನೆ ಕೇಳುವ ಮಾತು ಮಾತ್ರ ಎಲ್ಲರಿಗೂ ಒಂದೇ.

ಗೆದ್ದರೆ ಏನು ಸಿಗುತ್ತದೆ?

ಆದೇಶ ರದ್ದಾಗಿ ನೀವು ಅದೇ ಹುದ್ದೆಗೆ, ಬಹುಶಃ ಅದೇ ಸಾಹೇಬರ ಕೈಕೆಳಗೆ ಮರಳುತ್ತೀರಿ. ಪರಿಹಾರದ ಹಣವಾಗಲಿ, ಸಾಹೇಬರ ಮೇಲೆ ಕ್ರಮವಾಗಲಿ ಸಾಮಾನ್ಯವಾಗಿ ಅದರ ಜೊತೆ ಬರುವುದಿಲ್ಲ. ಅವಧಿ ಪೂರ್ತಿಯಾದ ಮೇಲೆ ಬರುವ ಏಪ್ರಿಲ್–ಮೇ ಹಂಗಾಮಿನಲ್ಲಿ ಸರ್ಕಾರ ನಿಮ್ಮನ್ನು ಬದಲಿಸಿದರೆ, ಅದು ಹಳೆಯ ಸೇಡಿನದೇ ಆಗಿದ್ದರೂ, ಈ ಕಾಯಿದೆ ನಿಮಗೆ ಒದಗುವುದಿಲ್ಲ. ನಮ್ಮ ಮಂಡಳ ಅಧಿಕಾರಿಗೆ 3 ವರ್ಷ ತುಂಬುವುದು 2024ರ ಜೂನ್‌ನಲ್ಲಿ. ಅಷ್ಟರೊಳಗೆ ಆ ತಂಗಿಯ ತಕರಾರಿನ ವಿಚಾರಣೆ ಎರಡೂ ಕಡೆಯವರನ್ನು ಕೇಳಿ ಮುಗಿಯಲು ಕಾಲಾವಕಾಶವಿದೆ.